ಸೆಪ್ಟೆಂಬರ್ 5ರವರೆಗೆ ಜೊತೆಗಿರುತ್ತೇನೆ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಮಳೆಗಾಲದ ಆರಂಭವೆಂದರೆ ರಾಜೀನಾಮೆಗಳ ಕಾಲ. ಅಪ್ರೈಸಲ್‌ನಲ್ಲಿ ಸಮಾಧಾನವಾಗದವರು ಬೇರೆ ಕಂಪನಿಗೆ ಹೊರಡುತ್ತಾರೆ. ಅವರ ಹಿಂದೆಯೇ, ಅಮೆರಿಕದಲ್ಲಿ ಆಗಸ್ಟ್ ಕೊನೆಗೋ ಜರ್ಮನಿಯಲ್ಲಿ ಅಕ್ಟೋಬರ್‌ನಲ್ಲೋ ಶುರುವಾಗುವ ಸ್ನಾತಕೋತ್ತರ ತರಗತಿಗಳಲ್ಲಿ ಸೀಟು ಸಿಕ್ಕವರು ಹೊರಡುತ್ತಾರೆ. ಮೊದಲಿನವರನ್ನು ಉಳಿಸಿಕೊಳ್ಳಲು ಮ್ಯಾನೇಜರು ಸಂಬಳದ ಮಾತನ್ನಾದರೂ ಎತ್ತಬಹುದು. ಓದಲು ಹೊರಟವರ ಮುಂದೆ ಆ ಮಾತು ನಡೆಯದು, ಏಕೆಂದರೆ ಅವರ ದಿನಾಂಕವನ್ನು ಗೊತ್ತುಮಾಡಿರುವುದು ದೂರದ ಒಂದು ವಿಶ್ವವಿದ್ಯಾಲಯ. ಇಬ್ಬರೂ ಕೂತು ಮಾತಾಡಲು ಉಳಿಯುವುದು ಒಂದೇ ವಿಷಯ. ಹೋಗುವವರು ತಮ್ಮ ಕೆಲಸವನ್ನು ಯಾರ ಕೈಗೆ, ಹೇಗೆ ಒಪ್ಪಿಸಿ ಹೋಗುತ್ತಾರೆ?

ಆ ವಿಷಯಕ್ಕೆ ರಾಜೀನಾಮೆಯ ಮೇಲ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಸಾಲು: ಹಸ್ತಾಂತರಕ್ಕೆ ಸಂಪೂರ್ಣ ಸಹಕಾರ ನೀಡುತ್ತೇನೆ. ಎಲ್ಲರ ಮೇಲ್‌ನಲ್ಲೂ ಈ ಸಾಲಿರುತ್ತದೆ, ಮತ್ತು ಅದನ್ನು ಓದಿದ ಯಾರಿಗೂ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅದು ಸೌಜನ್ಯವೇ ಹೊರತು ಕೊಡುಗೆ ಅಲ್ಲ. ಅದನ್ನು ಕೊಡುಗೆಯಾಗಿ ಮಾಡಬೇಕಾದರೆ ಅದರೊಳಗೆ ದಿನಾಂಕ ಬೇಕು, ಕೆಲಸದ ಹೆಸರು ಬೇಕು, ಎಲ್ಲಿಗೆ ಮುಗಿಯುತ್ತದೆ ಎಂಬ ಗೆರೆಯೂ ಬೇಕು.

ಒಬ್ಬ ಇಂಜಿನಿಯರನ್ನು ಊಹಿಸಿಕೊಳ್ಳಿ. ಧಾರವಾಡದ ಹುಡುಗ, ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಕೆಲಸ. ಅಂಗಡಿಗಳಲ್ಲಿ ಗ್ರಾಹಕರು ಕಾರ್ಡಿನಲ್ಲೋ ಕ್ಯೂಆರ್ ಕೋಡಿನಲ್ಲೋ ಕಟ್ಟಿದ ಹಣವನ್ನು ಬ್ಯಾಂಕಿನ ಲೆಕ್ಕದೊಂದಿಗೆ ರಾತ್ರಿ ತಾಳೆ ನೋಡಿ, ಮರುದಿನ ಅಂಗಡಿಯವರ ಖಾತೆಗೆ ಸೇರಿಸುವ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಇವನ ಪಾಲು. ಕಚೇರಿಯಲ್ಲಿ ಅದನ್ನು ಸೆಟಲ್‌ಮೆಂಟ್ ಎನ್ನುತ್ತಾರೆ. ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರಕ್ಕೆ ಸೀಟು ಸಿಕ್ಕಿದೆ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಲೆಕ್ಕದಲ್ಲಿ ಅಕ್ಟೋಬರ್ 1ಕ್ಕೆ ಶುರು. ಒಂದು ವರ್ಷದ ಜೀವನ ವೆಚ್ಚಕ್ಕೆಂದು ಜರ್ಮನಿ ಕೇಳುವ ಮೊತ್ತವನ್ನು, 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟಾಗಿದೆ. ವೀಸಾ ಜುಲೈ ಮೊದಲ ವಾರ ಕೈಗೆ ಬಂದಿದೆ. ವಿಮಾನ ಸೆಪ್ಟೆಂಬರ್ 22ಕ್ಕೆ. ಹೊರಡುವ ಮೊದಲು ಎರಡು ವಾರವಾದರೂ ಮನೆಯಲ್ಲಿರಬೇಕೆಂದು ಅಮ್ಮ ಹೇಳಿದ್ದಾಳೆ. ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ 60 ದಿನ.

ಇಂಥವರು ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಸೆಪ್ಟೆಂಬರ್ 22ರಿಂದ ಎರಡು ವಾರ ಹಿಂದೆ ಸರಿದರೆ ಸೆಪ್ಟೆಂಬರ್ ಮೊದಲ ವಾರ. ಅಲ್ಲಿಂದ 60 ದಿನ ಹಿಂದಕ್ಕೆ ಎಣಿಸಿದರೆ ಜುಲೈ ಮೊದಲ ವಾರ. ಜುಲೈ 7ಕ್ಕೆ ಕೊಟ್ಟರೆ ಮರುದಿನದಿಂದ ಎಣಿಸಿ ಸೆಪ್ಟೆಂಬರ್ 5ಕ್ಕೆ 60 ದಿನ ತುಂಬುತ್ತದೆ. ಇಲ್ಲಿ ಎರಡು ಸಣ್ಣ ಬಲೆಗಳಿವೆ. ಮೊದಲನೆಯದು, ಹಲವು ಕಂಪನಿಗಳಲ್ಲಿ ಗಡಿಯಾರ ಶುರುವಾಗುವುದು ಮೇಲ್ ಕಳಿಸಿದಾಗ ಅಲ್ಲ, ಎಚ್.ಆರ್. ಪೋರ್ಟಲ್‌ನಲ್ಲಿ ರಾಜೀನಾಮೆಯ ಅರ್ಜಿ ತುಂಬಿದಾಗ. ಮೇಲ್ ಸೋಮವಾರ ಹೋಗಿ ಪೋರ್ಟಲ್ ನೆನಪಾಗುವುದು ಗುರುವಾರವಾದರೆ ಮೂರು ದಿನ ಕೈಬಿಟ್ಟಂತೆ. ಎರಡನೆಯದು, ಉಳಿದ ರಜೆಯನ್ನು ನೋಟಿಸಿನಲ್ಲಿ ಹೊಂದಿಸಿಕೊಳ್ಳಬಹುದೇ, ಕಡಿಮೆ ಬಿದ್ದ ದಿನಗಳಿಗೆ ಹಣ ಕಟ್ಟಿ ಬಿಡಿಸಿಕೊಳ್ಳಬಹುದೇ, ಕಟ್ಟುವುದಾದರೆ ಬೇಸಿಕ್ ಸಂಬಳದ ಮೇಲೋ ಪೂರ್ತಿ ಸಂಬಳದ ಮೇಲೋ ಎಂಬುದೆಲ್ಲ ಕಂಪನಿಯಿಂದ ಕಂಪನಿಗೆ ಬೇರೆ. ಪಕ್ಕದ ಮೇಜಿನವನ ಅನುಭವವನ್ನು ನಂಬದೆ ತನ್ನ ನೇಮಕಾತಿ ಪತ್ರವನ್ನೇ ತೆಗೆದು ಓದಬೇಕು.

ಅವನ ಮೇಲ್ ಹೀಗಿರಬಹುದು. ಇಂಥವು ನಮ್ಮ ಕಚೇರಿಗಳಲ್ಲಿ ಇಂಗ್ಲಿಷಿನಲ್ಲೇ ಹೋಗುತ್ತವೆ. ಒಳಗಿನ ಮಾತು ಮುಖ್ಯವಾದ್ದರಿಂದ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ವಿಷಯ: ರಾಜೀನಾಮೆ, ಕೊನೆಯ ಕೆಲಸದ ದಿನ ಸೆಪ್ಟೆಂಬರ್ 5

ಸರ್, ನಮಸ್ಕಾರ.

ಶುಕ್ರವಾರ ನಿಮ್ಮ ಹತ್ತಿರ ಮಾತಾಡಿದಂತೆ, ನನ್ನ ಹುದ್ದೆಗೆ ಈ ಮೂಲಕ ರಾಜೀನಾಮೆ ಕೊಡುತ್ತಿದ್ದೇನೆ. ನೇಮಕಾತಿ ಪತ್ರದ 60 ದಿನಗಳ ನೋಟಿಸ್ ಪ್ರಕಾರ ಸೆಪ್ಟೆಂಬರ್ 5 ನನ್ನ ಕೊನೆಯ ಕೆಲಸದ ದಿನ. ಪೋರ್ಟಲ್‌ನಲ್ಲೂ ಇಂದೇ ಅರ್ಜಿ ಹಾಕಿದ್ದೇನೆ.

ಜರ್ಮನಿಯಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಓದಲು ಹೊರಟಿದ್ದೇನೆ. ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ.

ನಾನು ನೋಡಿಕೊಳ್ಳುತ್ತಿರುವುದು ಮೂರು: ರಾತ್ರಿಯ ಸೆಟಲ್‌ಮೆಂಟ್, ತಿಂಗಳ ಕೊನೆಯ ಎರಡು ವರದಿಗಳು, ಮತ್ತು ನನ್ನ ಸರದಿಯ ಆನ್-ಕಾಲ್. ಇವುಗಳ ಪೂರ್ಣ ಪಟ್ಟಿಯನ್ನು ಈ ಶುಕ್ರವಾರದೊಳಗೆ ಕೊಡುತ್ತೇನೆ. ಯಾರಿಗೆ ಒಪ್ಪಿಸಬೇಕೆಂದು ಜುಲೈ 18ರೊಳಗೆ ಹೇಳಿದರೆ, ಆಗಸ್ಟ್ 22ರ ಹೊತ್ತಿಗೆ ಅವರು ನನ್ನ ಸಹಾಯವಿಲ್ಲದೆ ಒಂದು ರಿಲೀಸ್ ಮಾಡುವ ಹಾಗೆ ಮಾಡುತ್ತೇನೆ. ಅಲ್ಲಿಂದ ಕೊನೆಯ ಎರಡು ವಾರ ನನಗೆ ಹೊಸ ಕೆಲಸ ಕೊಡದಿದ್ದರೆ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕೂತಿರಬಹುದು.

ಸೆಪ್ಟೆಂಬರ್ 5ರ ನಂತರ, 20ರವರೆಗೆ, ಏನಾದರೂ ಕೇಳುವುದಿದ್ದರೆ ಸಂಜೆ ಫೋನಿನಲ್ಲಿ ಸಿಗುತ್ತೇನೆ. ಆಮೇಲೆ ಆಗಲಿಕ್ಕಿಲ್ಲ.

ಸೆಟಲ್‌ಮೆಂಟನ್ನು ಮೊದಲಿನಿಂದ ಬರೆಯಲು ನನ್ನ ಮೇಲೆ ನಂಬಿಕೆ ಇಟ್ಟಿದ್ದಿರಿ. ಅದನ್ನು ಮರೆಯುವುದಿಲ್ಲ. ಕೊನೆಯ ಲೆಕ್ಕಕ್ಕೆ, ಪ್ರಮಾಣಪತ್ರಗಳಿಗೆ ನನ್ನ ಸ್ವಂತ ಇಮೇಲ್ ವಿಳಾಸವನ್ನು ಕೆಳಗೆ ಕೊಟ್ಟಿದ್ದೇನೆ.

ಇಷ್ಟೇ. ಕಾರಣಕ್ಕೆ ಎರಡು ವಾಕ್ಯ, ಕೃತಜ್ಞತೆಗೆ ಎರಡು. ಉಳಿದ ಜಾಗವೆಲ್ಲ ಹಸ್ತಾಂತರಕ್ಕೆ ಹೋಗಿದೆ. ಕೃತಜ್ಞತೆಯನ್ನೂ ಗಮನಿಸಿ: ಕಲಿಕೆಯ ಪಯಣ, ಅದ್ಭುತ ತಂಡ ಎಂದೆಲ್ಲ ಇಲ್ಲ. ಮ್ಯಾನೇಜರು ನಿಜವಾಗಿ ಮಾಡಿದ ಒಂದು ಉಪಕಾರ ಇದೆ. ಕಂಪನಿಯ ಮೇಲಿನ ದೂರುಗಳಿಗೆ ಈ ಮೇಲ್ ಜಾಗವಲ್ಲ. ಅದು ಕಡತದಲ್ಲಿ ಉಳಿಯುವ ಕಾಗದ, ದೂರಿಗೆ ಎಕ್ಸಿಟ್ ಇಂಟರ್‌ವ್ಯೂ ಇದೆ.

ಶುಕ್ರವಾರ ಮಾತಾಡಿದಂತೆ ಎಂಬ ಮೊದಲ ಮಾತು ಅಲಂಕಾರಕ್ಕೆ ಬಂದದ್ದಲ್ಲ. ಮೇಲ್ ತೆರೆದಾಗಲೇ ಮ್ಯಾನೇಜರಿಗೆ ಸುದ್ದಿ ತಿಳಿಯುವುದು ನಮ್ಮಲ್ಲಿ ಮುಖ ತಿರುಗಿಸಿದ ಹಾಗೆ. ಅಮೆರಿಕಕ್ಕೆ ಹೋಗುವವರಲ್ಲಿ ಎಷ್ಟೋ ಮಂದಿಗೆ ಈ ಸಮಸ್ಯೆ ಇರುವುದೇ ಇಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳು ಶಿಫಾರಸು ಪತ್ರ ಕೇಳುತ್ತವೆ, ಅದರಲ್ಲಿ ಒಂದನ್ನು ಮ್ಯಾನೇಜರೇ ಹಿಂದಿನ ಚಳಿಗಾಲದಲ್ಲಿ ಬರೆದುಕೊಟ್ಟಿರುತ್ತಾರೆ. ಓದಿಗೆ ಹೋಗುತ್ತೇನೆ ಎಂದು ನಿಜ ಹೇಳುವುದರಿಂದ ಇನ್ನೊಂದು ಅನುಕೂಲವಿದೆ. ಪ್ರತಿಸ್ಪರ್ಧಿ ಕಂಪನಿಗೆ ಹೋಗುವವರ ಲಾಗಿನ್‌ಗಳನ್ನು ಕೆಲವೆಡೆ ಅಂದೇ ಕಿತ್ತುಕೊಳ್ಳುತ್ತಾರೆ. ವಿದ್ಯಾರ್ಥಿಯಾಗಿ ಹೋಗುವವನ ಮೇಲೆ ಆ ಅನುಮಾನ ಇರದು, ಆದ್ದರಿಂದ ಕೊನೆಯ ದಿನದವರೆಗೆ ಕೆಲಸ ಕಲಿಸಲು ಸಾಧ್ಯವಾಗುತ್ತದೆ. ಬೇರೆ ಕಂಪನಿಗೆ ಹೋಗುತ್ತ ಓದಿನ ನೆಪ ಹೇಳುವವರೂ ಇದ್ದಾರೆ. ಬೇಗ ಬಿಡಿ ಎಂದವರ ಹತ್ತಿರ ಎಚ್.ಆರ್. ಪ್ರವೇಶ ಪತ್ರದ ಪ್ರತಿ ಕೇಳುವುದು ಇವರ ದೆಸೆಯಿಂದ.

ಇನ್ನು ಆ ದೊಡ್ಡ ಪ್ಯಾರಾ. ಅದರಲ್ಲಿ ಅವನು ದಾಖಲೆ ಬರೆದುಕೊಡುತ್ತೇನೆ ಎಂದು ಹೇಳಿಲ್ಲ. ಇನ್ನೊಬ್ಬರು ನನ್ನ ಸಹಾಯವಿಲ್ಲದೆ ರಿಲೀಸ್ ಮಾಡುತ್ತಾರೆ ಎಂದಿದ್ದಾನೆ. ಈ ಎರಡರ ನಡುವೆ ಬಹಳ ವ್ಯತ್ಯಾಸವಿದೆ. ಅದನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಡೆನ್ಮಾರ್ಕಿನ ಪೀಟರ್ ನೌರ್ ಒಬ್ಬರು. 2005ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಈ ಕಂಪ್ಯೂಟರ್ ವಿಜ್ಞಾನಿ 1985ರಲ್ಲಿ ಒಂದು ಪ್ರಬಂಧ ಬರೆದರು. ಪ್ರೋಗ್ರಾಮ್ ಎಂದರೆ ಬರೆದಿಟ್ಟ ಕೋಡ್ ಮಾತ್ರವಲ್ಲ, ಅದನ್ನು ಕಟ್ಟಿದವರ ತಲೆಯಲ್ಲಿರುವ ಒಂದು ಪೂರ್ಣ ತಿಳಿವಳಿಕೆ, ಕೋಡ್ ಮತ್ತು ದಾಖಲೆಗಳು ಅದರ ಒಂದು ಭಾಗವನ್ನಷ್ಟೇ ಹಿಡಿದಿಡಬಲ್ಲವು ಎಂಬುದು ಅವರ ವಾದ.

ಅದಕ್ಕೆ ಅವರು ಕೊಟ್ಟ ಉದಾಹರಣೆ ಪಕ್ಕಾ ಹಸ್ತಾಂತರದ್ದೇ. ಒಂದು ತಂಡ ಒಂದು ಕಂಪೈಲರ್ ಬರೆದಿತ್ತು. ಅದನ್ನು ಸ್ವಲ್ಪ ಹಿಗ್ಗಿಸಿ ಬೇರೊಂದು ಕಂಪ್ಯೂಟರಿನಲ್ಲಿ ಓಡಿಸುವ ಕೆಲಸ ಎರಡನೆಯ ತಂಡಕ್ಕೆ ಬಂತು. ಟಿಪ್ಪಣಿ ಸಮೇತ ಕೋಡ್, ವಿಸ್ತಾರವಾದ ದಾಖಲೆ, ಜೊತೆಗೆ ಮೊದಲ ತಂಡದ ಸಲಹೆ, ಎಲ್ಲವೂ ಒಪ್ಪಂದದಂತೆ ಸಿಕ್ಕವು. ಎರಡನೆಯ ತಂಡದವರು ಜಾಣರೇ, ಆಸಕ್ತಿ ಇದ್ದವರೇ. ಆದರೂ ಅವರು ಸೂಚಿಸಿದ ಹಲವು ಬದಲಾವಣೆಗಳು ಮೂಲ ವಿನ್ಯಾಸದಲ್ಲೇ ಇದ್ದ, ದಾಖಲೆಯಲ್ಲೂ ವಿವರಿಸಿದ್ದ ಅನುಕೂಲಗಳನ್ನು ಬಳಸದೆ ಮೇಲಿಂದ ತೇಪೆ ಹಾಕುವಂತಿದ್ದವು. ಮೊದಲ ತಂಡದವರು ನೋಡಿದ ಕೂಡಲೇ ಹಿಡಿದು, ಇದ್ದ ಚೌಕಟ್ಟಿನೊಳಗೇ ಸರಳ ದಾರಿ ತೋರಿಸುತ್ತಿದ್ದರು. ಆ ಸಲಹೆ ಇಲ್ಲದೆ ಬೇರೆ ಪ್ರೋಗ್ರಾಮರುಗಳು ವರ್ಷಗಟ್ಟಲೆ ಮುಂದುವರಿಸಿದ ಮೇಲೆ ನೌರ್ ನೋಡಿದಾಗ, ಮೂಲ ವಿನ್ಯಾಸದ ಗುರುತು ಉಳಿದಿತ್ತು, ಸೇರಿಸಿದ್ದೆಲ್ಲ ಸೇರಿ ಅದರ ಶಕ್ತಿ ಹೋಗಿತ್ತು.

ನಮ್ಮ ಧಾರವಾಡದ ಹುಡುಗನ ಸೆಟಲ್‌ಮೆಂಟಿನಲ್ಲೂ ಇಂಥದೊಂದು ಜಾಗವಿದೆ ಎಂದುಕೊಳ್ಳಿ. ಒಂದು ಬ್ಯಾಂಕಿನ ಫೈಲನ್ನು ಓದುವಾಗ, ಹಿಂದಿನ ದಿನ ರಜೆ ಇದ್ದರೆ ಮಾತ್ರ, ಕೋಡ್ ಎರಡು ದಿನದ ಹಿಂದಿನ ಫೈಲನ್ನೂ ತೆರೆದು ಹೋಲಿಸುತ್ತದೆ. ಹೊಸಬರಿಗೆ ಅದು ದಂಡದ ಕೆಲಸದಂತೆ ಕಾಣುತ್ತದೆ, ರಾತ್ರಿಯ ಓಟವೂ ಹತ್ತು ನಿಮಿಷ ತಡವಾಗುತ್ತದೆ. ತೆಗೆದುಹಾಕಿದರೆ ವಾರಗಟ್ಟಲೆ ಏನೂ ಆಗುವುದಿಲ್ಲ. ಆಮೇಲೊಂದು ಹಬ್ಬದ ಮರುದಿನ ಆ ಬ್ಯಾಂಕು ಹಳೆಯ ಫೈಲಿನ ಕೆಲವು ಸಾಲುಗಳನ್ನು ಮತ್ತೆ ಕಳಿಸುತ್ತದೆ, ಒಂದಷ್ಟು ಅಂಗಡಿಗಳಿಗೆ ಎರಡು ಸಲ ಹಣ ಹೋಗುತ್ತದೆ. ಕೋಡ್ ಏನು ಮಾಡುತ್ತದೆ ಎಂಬುದನ್ನು ಕೋಡ್ ಓದಿಯೇ ತಿಳಿಯಬಹುದು. ಹೀಗೇಕೆ ಬರೆದೆವು, ಬೇರೆ ಯಾವ ದಾರಿಯನ್ನು ಪ್ರಯತ್ನಿಸಿ ಬಿಟ್ಟೆವು ಎಂಬುದು ಬರೆದವನ ಜೊತೆಯಲ್ಲೇ ವಿಮಾನ ಹತ್ತುತ್ತದೆ. 60 ದಿನಗಳಲ್ಲಿ ಉಳಿಸಿಕೊಳ್ಳಬೇಕಾದ್ದು ಇದನ್ನು.

ಈ 60 ದಿನದಲ್ಲಿ ಶನಿವಾರ, ಭಾನುವಾರ, ಆಗಸ್ಟ್ 15 ಇತ್ಯಾದಿ ಕಳೆದರೆ ಕೈಗೆ ಸಿಗುವುದು ನಲವತ್ತು ಚಿಲ್ಲರೆ ಕೆಲಸದ ದಿನ. ಎಲ್ಲವನ್ನೂ ಸಮನಾಗಿ ಕಲಿಸಲು ಸಮಯವಿಲ್ಲ. ಹಾಗಾಗಿ ಮೊದಲ ವಾರದ ಕೆಲಸ, ತನ್ನೊಬ್ಬನ ತಲೆಯಲ್ಲಿ ಮಾತ್ರ ಇರುವುದು ಯಾವುದು ಎಂದು ಹುಡುಕುವುದು. ಇದನ್ನು ನೆನಪಿನಿಂದ ಮಾಡಬಾರದು. ದಿನವೂ ಮಾಡುವ ಕೆಲಸ ಅಭ್ಯಾಸವಾಗಿರುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಕೋಡಿನ ಇತಿಹಾಸವನ್ನೇ ಕೇಳುವುದು ಉತ್ತಮ. ಗಿಟ್ ಬಳಸುವ ತಂಡದಲ್ಲಿ ಒಂದು ಸಾಲು ಸಾಕು:

```
git shortlog -sn HEAD -- settlement/
```

ಆ ಫೋಲ್ಡರಿನಲ್ಲಿ ಯಾರು ಎಷ್ಟು ಸಲ ಬದಲಾವಣೆ ಸೇರಿಸಿದ್ದಾರೆ ಎಂಬ ಪಟ್ಟಿ ಬರುತ್ತದೆ, ಹೆಚ್ಚು ಸೇರಿಸಿದವರು ಮೇಲೆ. ಫೋಲ್ಡರುಗಳನ್ನು ಒಂದೊಂದಾಗಿ ಹೀಗೆ ನೋಡುತ್ತ ಹೋದರೆ ಕೆಲವೆಡೆ ಐದಾರು ಹೆಸರು, ಕೆಲವೆಡೆ ಒಂದೇ ಹೆಸರು. ಆ ಒಂದೇ ಹೆಸರಿನ ಜಾಗಗಳಿಗೆ ಮೊದಲ ಸರದಿ. ಉಳಿದವನ್ನು ತಂಡದ ಬೇರೆಯವರು ಹೇಗೂ ಬಲ್ಲರು, ಅವಕ್ಕೆ ಸಮಯ ಸುರಿಯುವುದು ಬೇಡ. ಎಣಿಕೆಯೇ ಎಲ್ಲವೂ ಅಲ್ಲ ಎಂಬುದು ನಿಜ. ನೂರು ಸಣ್ಣ ತಿದ್ದುಪಡಿ ಮಾಡಿದವನಿಗಿಂತ ಮೂರು ದೊಡ್ಡ ಬದಲಾವಣೆ ಮಾಡಿದವಳಿಗೆ ಹೆಚ್ಚು ಗೊತ್ತಿರಬಹುದು. ಪಟ್ಟಿ ಎಲ್ಲಿ ನೋಡಬೇಕೆಂದು ತೋರಿಸುತ್ತದೆ, ತೀರ್ಮಾನ ಮನುಷ್ಯರದು.

ಎರಡನೆಯ ಹುಡುಕಾಟ ಇನ್ನೂ ತುರ್ತಿನದು, ಮತ್ತು ಹೆಚ್ಚಿನ ಹಸ್ತಾಂತರಗಳು ಎಡವುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಕೊನೆಯ ದಿನ ಸಂಜೆ ಐಟಿ ವಿಭಾಗದವರು ಹೋಗುವವನ ಖಾತೆಯನ್ನು ಮುಚ್ಚುತ್ತಾರೆ. ಮುಚ್ಚಲೇಬೇಕು. ಆದರೆ ನಾಲ್ಕು ವರ್ಷದಲ್ಲಿ ಆ ಖಾತೆ ಅವನ ಹಿಂದೆ ಎಲ್ಲೆಲ್ಲೋ ಬೇರು ಬಿಟ್ಟಿರುತ್ತದೆ. ಯಾವುದೋ ರಾತ್ರಿ ತರಾತುರಿಯಲ್ಲಿ ಬರೆದ ಸ್ಕ್ರಿಪ್ಟಿಗೆ ಕಂಪನಿಯ ಸರ್ವೀಸ್ ಅಕೌಂಟಿನ ಬದಲು ತನ್ನದೇ ಟೋಕನ್ ಹಾಕಿರುತ್ತಾನೆ. ತಿಂಗಳ ವರದಿ ಅವನ ಹೆಸರಿನ ಕ್ರಾನ್ ಪಟ್ಟಿಯಲ್ಲಿ ಓಡುತ್ತಿರುತ್ತದೆ. ಬ್ಯಾಂಕಿನವರು ಫೈಲ್ ನಮೂನೆ ಬದಲಾಗುವ ಸೂಚನೆಯನ್ನು ಕಳಿಸುವುದು ಅವನೊಬ್ಬನ ಮೇಲ್‌ಗೆ. ವೆಬ್‌ಸೈಟಿನ ಸರ್ಟಿಫಿಕೇಟ್ ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಬರುವುದೂ ಅಲ್ಲಿಗೇ.

ಇದರ ಕೆಟ್ಟ ಗುಣವೆಂದರೆ ಕೂಡಲೇ ಕಾಣುವುದಿಲ್ಲ. ಸೆಪ್ಟೆಂಬರ್ 5ಕ್ಕೆ ಖಾತೆ ಮುಚ್ಚಿತು, 6ಕ್ಕೆ ಎಲ್ಲವೂ ಸರಿ. ತಿಂಗಳ ಕೊನೆಯ ವರದಿ ನಿಲ್ಲುವುದು 30ರ ರಾತ್ರಿ. ಅಷ್ಟರಲ್ಲಿ ಇವನು ಜರ್ಮನಿಯಲ್ಲಿ ಮನೆಯ ವಿಳಾಸ ನೋಂದಾಯಿಸಲು ಸರದಿಯಲ್ಲಿ ನಿಂತಿರುತ್ತಾನೆ, ಅವನ ಬೆಂಗಳೂರಿನ ಸಿಮ್ ಅಲ್ಲಿ ಕೆಲಸ ಮಾಡುತ್ತಿರುವುದಿಲ್ಲ. ಹುಡುಕುವ ದಾರಿ ಮಾತ್ರ ಸುಲಭ. ತನ್ನ ಲಾಗಿನ್ ಹೆಸರನ್ನೇ ಕೋಡಿನಲ್ಲಿ ಹುಡುಕುವುದು, ತಾನು ಬಳಸುವ ಸರ್ವರುಗಳಲ್ಲಿ ತನ್ನ ಹೆಸರಿನಲ್ಲಿ ನಿಗದಿಯಾದ ಕೆಲಸಗಳನ್ನು ನೋಡುವುದು:

```
git grep -n "login_id"
crontab -l
```

ಮೊದಲ ಸಾಲಿನ `login_id` ಜಾಗದಲ್ಲಿ ತನ್ನ ಲಾಗಿನ್ ಹೆಸರು ಬರಬೇಕು. ಟೋಕನ್‌ಗಳು ಕೋಡಿನಲ್ಲಿ ಹೆಸರು ಹಾಕಿಕೊಂಡು ಕೂತಿರುವುದಿಲ್ಲ, ಅವನ್ನು ಆಯಾ ಸೇವೆಯ ಸೆಟ್ಟಿಂಗ್ಸ್ ಪುಟದಲ್ಲಿ ನೋಡಬೇಕು. ಹಲವು ಸೇವೆಗಳು ಪ್ರತಿ ಟೋಕನ್ ಕೊನೆಗೆ ಬಳಕೆಯಾದದ್ದು ಯಾವಾಗ ಎಂದು ತೋರಿಸುತ್ತವೆ. ತಾನು ತಿಂಗಳಿಂದ ಮುಟ್ಟದ ಟೋಕನ್ ನಿನ್ನೆ ರಾತ್ರಿ ಎರಡು ಗಂಟೆಗೆ ಬಳಕೆಯಾಗಿದೆ ಎಂದರೆ, ಯಾವುದೋ ಸ್ಕ್ರಿಪ್ಟ್ ಅದನ್ನು ಹಿಡಿದುಕೊಂಡು ಬದುಕಿದೆ ಎಂದರ್ಥ. ನಮ್ಮವನಿಗೆ ಹೀಗೊಂದು ಟೋಕನ್ ಆಗಸ್ಟ್ ಮಧ್ಯದಲ್ಲಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಅವನು ಅದರ ಜಾಗದಲ್ಲಿ ಸರ್ವೀಸ್ ಅಕೌಂಟಿನ ಟೋಕನ್ ಹಾಕಿ, ತನ್ನದನ್ನು ರದ್ದು ಮಾಡಿ, ಎರಡು ವಾರ ಕಾದು ನೋಡುತ್ತಾನೆ. ಮುರಿಯುವುದಿದ್ದರೆ ತಾನು ಇರುವಾಗಲೇ ಮುರಿಯಲಿ ಎಂಬುದು ಇಲ್ಲಿನ ಉಪಾಯ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಕೊನೆಯ ದಿನಕ್ಕೆ ಒಂದು ವಾರ ಮುಂಚೆ, ಮ್ಯಾನೇಜರ ಒಪ್ಪಿಗೆ ಪಡೆದು, ತನ್ನ ಖಾತೆಯ ಹೆಚ್ಚಿನ ಅಧಿಕಾರಗಳನ್ನು ತಾನೇ ತೆಗೆಸಿಕೊಂಡು ಕೂರುವವರೂ ಇದ್ದಾರೆ.

ಮೂರನೆಯದು ಕಲಿಸುವ ಕೆಲಸ. ನಮ್ಮ ಕಂಪನಿಗಳಲ್ಲಿ ಇದಕ್ಕೆ ಕೆ.ಟಿ. ಎನ್ನುತ್ತಾರೆ. ಮೀಟಿಂಗ್ ರೂಮಿನಲ್ಲಿ ಒಬ್ಬ ಪರದೆ ತೋರಿಸುತ್ತ ಎರಡು ಗಂಟೆ ಮಾತಾಡುವುದು, ನಾಲ್ವರು ತಲೆಯಾಡಿಸುವುದು, ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಆ ರೆಕಾರ್ಡಿಂಗನ್ನು ಮತ್ತೆ ತೆರೆದು ನೋಡುವವರು ಕಡಿಮೆ. ತಲೆಯಾಡಿಸಿದ್ದು ಅರ್ಥವಾಗಿಯೋ ಊಟದ ಹೊತ್ತಾಗಿಯೋ ಎಂದು ಹೇಳಿದವನಿಗೆ ತಿಳಿಯುವುದೂ ಇಲ್ಲ. ಇದಕ್ಕೆ ಐಟಿಯವರೇ ಕಂಡುಕೊಂಡ ಮದ್ದು ರಿವರ್ಸ್ ಕೆ.ಟಿ. ಇಲ್ಲಿ ಕಲಿತವರು ಹೇಳುತ್ತಾರೆ, ಕಲಿಸಿದವನು ಕೇಳುತ್ತಾನೆ. ರಾತ್ರಿ ಬ್ಯಾಂಕಿನ ಫೈಲು ಬಾರದೇ ಹೋದರೆ ನೀವೇನು ಮಾಡುತ್ತೀರಿ ಎಂದು ಅವನು ಕೇಳಬೇಕು, ಅವರು ಹೇಳುತ್ತ ಹೋಗಬೇಕು. ಎಲ್ಲಿ ಮಾತು ತಡವರಿಸುತ್ತದೋ ಅಲ್ಲಿ ಹಸ್ತಾಂತರ ಆಗಿಲ್ಲ.

ಅದಕ್ಕೂ ಮುಂದಿನ ಹಂತವೇ ಮೇಲ್‌ನಲ್ಲಿ ಬರೆದ ಆಗಸ್ಟ್ 22. ಅಂದು ಅವರು ರಿಲೀಸ್ ಮಾಡಬೇಕು, ಇವನ ಕೈ ಕೀಬೋರ್ಡಿನ ಮೇಲೆ ಇರಬಾರದು. ಮೊದಲ ಸಲ ಎಲ್ಲೋ ಸಿಕ್ಕಿಕೊಳ್ಳುತ್ತಾರೆ. ವಿ.ಪಿ.ಎನ್. ಅನುಮತಿ ಇಲ್ಲ, ಇಲ್ಲವೇ ಇವನು ಅಭ್ಯಾಸಬಲದಿಂದ ಮಾಡುತ್ತಿದ್ದ ಒಂದು ಹೆಜ್ಜೆ ಬರವಣಿಗೆಯಲ್ಲಿ ಬಿಟ್ಟುಹೋಗಿದೆ. ಆ ಬಿಟ್ಟುಹೋದದ್ದನ್ನು ಕಲಿತವರೇ ರನ್‌ಬುಕ್‌ನಲ್ಲಿ ಸೇರಿಸಬೇಕು. ರನ್‌ಬುಕ್ ಎಂದರೆ ಯಾವ ತೊಂದರೆ ಬಂದರೆ ಯಾವ ಕ್ರಮದಲ್ಲಿ ಏನು ಮಾಡಬೇಕು ಎಂಬ ಕೈಪಿಡಿ. ಬಲ್ಲವನು ಬರೆದ ರನ್‌ಬುಕ್‌ನಲ್ಲಿ ಅವನಿಗೆ ಗೊತ್ತಿರುವುದೆಲ್ಲ ಬಿಟ್ಟುಹೋಗಿರುತ್ತದೆ. ಎಡವಿದವರು ಬರೆದರೆ ಎಡವುವ ಜಾಗವೆಲ್ಲ ಅದರಲ್ಲಿರುತ್ತದೆ. ರಜೆಯ ಮರುದಿನದ ಫೈಲಿನಂಥ ವಿಚಿತ್ರಗಳಿಗೆ ಮಾತ್ರ ಇವನೇ ಕೂತು ಬರೆಯಬೇಕು. ಏನು ಎಂಬುದನ್ನಲ್ಲ, ಏಕೆ ಎಂಬುದನ್ನು.

ಈಗ ಗೆರೆಯ ಮಾತು. ಹೊರಡುವ ಭಾವುಕತೆಯಲ್ಲಿ ಯಾವಾಗ ಬೇಕಾದರೂ ಕರೆಯಿರಿ, ಅಲ್ಲಿಂದಲೇ ಮಾಡಿಕೊಡುತ್ತೇನೆ ಎಂದು ಬರೆಯುವವರಿದ್ದಾರೆ. ಹಾಗೆ ಬರೆಯಬಾರದು. ಕೊನೆಯ ದಿನದ ನಂತರ ಅವನು ಕಂಪನಿಗೆ ಹೊರಗಿನವನು. ಯಾರದೋ ಲಾಗಿನ್‌ನಲ್ಲಿ ಒಳಗೆ ಬಂದು ಸರಿಮಾಡಿಕೊಟ್ಟರೆ ಇಬ್ಬರೂ ನಿಯಮ ಮುರಿದಂತೆ, ಅದರಲ್ಲೂ ಹಣದ ವ್ಯವಹಾರದ ವ್ಯವಸ್ಥೆಯಲ್ಲಿ. ಸಂಬಳ ಕೊಟ್ಟು ಗಂಟೆ ಲೆಕ್ಕದಲ್ಲಿ ಮಾಡಿಸಿಕೊಳ್ಳೋಣ ಎಂದು ಕಂಪನಿ ಹೇಳಿದರೆ ತೊಡಕು ಇನ್ನೂ ಹೆಚ್ಚು. ಜರ್ಮನಿಯಲ್ಲಿ ಯುರೋಪಿನ ಆಚೆಯ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ನೌಕರಿ ಮಾಡಬಹುದು. ಸ್ವತಂತ್ರವಾಗಿ ಗುತ್ತಿಗೆ ಕೆಲಸ ಮಾಡಲು ಅಲ್ಲಿನ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು. ಅಮೆರಿಕದ ಎಫ್-1 ವೀಸಾದಲ್ಲಿ ಕ್ಯಾಂಪಸ್ಸಿನ ಹೊರಗಿನ ದುಡಿಮೆಗೆ ನಿಯಮ ಇನ್ನೂ ಬಿಗಿ. ಹಳೆಯ ಕಚೇರಿಯ ದಾಕ್ಷಿಣ್ಯಕ್ಕೆ ವೀಸಾವನ್ನು ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ. ಧಾರವಾಡದ ಮನೆಯಲ್ಲಿ ಕೂತು, 20ರವರೆಗೆ, ಆ ಫೈಲು ಹಾಗೇಕೆ ಇತ್ತು ಎಂದು ಫೋನಿನಲ್ಲಿ ಹೇಳುವುದು ಉಪಕಾರ. ಅದರಾಚೆ ಬೇಡ.

ಕಂಪನಿಯಿಂದ ಅವನಿಗೆ ಬರಬೇಕಾದದ್ದೂ ಇದೆ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಆದಾಯ ತೆರಿಗೆ ಕಡಿತದ ಪ್ರಮಾಣಪತ್ರ ಸಿಗುವುದು ಮುಂದಿನ ವರ್ಷದ ಜೂನ್ ಹೊತ್ತಿಗೆ, ಅಷ್ಟರಲ್ಲಿ ಕಚೇರಿಯ ಮೇಲ್ ಮುಚ್ಚಿ ಒಂಬತ್ತು ತಿಂಗಳಾಗಿರುತ್ತದೆ. ಸ್ವಂತ ವಿಳಾಸವನ್ನು ಮೇಲ್‌ನಲ್ಲೇ ಬರೆದದ್ದು ಅದಕ್ಕಾಗಿ. ಭವಿಷ್ಯನಿಧಿಯ ಖಾತೆ ತೆರೆಯಲು ಒ.ಟಿ.ಪಿ. ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಆ ಸಿಮ್ ಅನ್ನು ಬಿಟ್ಟುಹೋಗದೆ ರೀಚಾರ್ಜ್ ಮಾಡಿಸಿ ಜೀವಂತ ಇಟ್ಟುಕೊಳ್ಳಬೇಕು.

ನಮ್ಮ ಕಥೆಯಲ್ಲಿ ವೀಸಾ ಮೊದಲೇ ಬಂದಿತ್ತು. ಎಲ್ಲರಿಗೂ ಹಾಗಾಗುವುದಿಲ್ಲ. 90 ದಿನ ನೋಟಿಸ್ ಇರುವವರು ವೀಸಾ ಬರುವವರೆಗೆ ಕಾದರೆ ತರಗತಿ ತಪ್ಪುತ್ತದೆ, ಕಾಯದೆ ಕೊಟ್ಟರೆ ವೀಸಾ ಬಾರದಿದ್ದಾಗ ಎರಡೂ ಹೋಗುತ್ತದೆ. 2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೊಸದಾಗಿ ಸಮಯ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿಬಿಟ್ಟಿತು. ಅಷ್ಟರಲ್ಲಿ ರಾಜೀನಾಮೆ ಕೊಟ್ಟು ಸಂದರ್ಶನದ ದಿನ ಸಿಗದಿದ್ದವರ ಪಾಡು ಹೇಗಿದ್ದಿರಬಹುದು ಎಂದು ಯೋಚಿಸಿ.

ಕೊಟ್ಟ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಬಹುದೇ? ಈ ಪ್ರಶ್ನೆಗೆ ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣವಿದೆ. ಬಿ.ಇ.ಎಂ.ಎಲ್.ನ ನೌಕರರೊಬ್ಬರು 1993ರ ಜನವರಿ 4ರಂದು ರಾಜೀನಾಮೆ ಕೊಟ್ಟರು. ಅದು ಅಂದೇ ಅಂಗೀಕಾರವಾಯಿತು, ಆದರೆ ಸೇವೆಯಿಂದ ಬಿಡುಗಡೆ ಜನವರಿ 15ಕ್ಕೆ ಎಂದಾಯಿತು. 8ರಂದು ಅವರು ರಾಜೀನಾಮೆ ಹಿಂಪಡೆಯುವುದಾಗಿ ಬರೆದರು. ಸಂಸ್ಥೆ ಒಪ್ಪಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ನೌಕರರ ಪರವಾಗಿ ತೀರ್ಪು ಕೊಟ್ಟಿತು: ಬಿಡುಗಡೆಯ ದಿನ ಬರುವವರೆಗೂ ಅವರು ನೌಕರರೇ, ಅಷ್ಟರೊಳಗೆ ಹಿಂಪಡೆಯಬಹುದಿತ್ತು. ಆದರೆ ಅದು ಸರ್ಕಾರಿ ಒಡೆತನದ ಸಂಸ್ಥೆ. ಖಾಸಗಿ ಕಂಪನಿಯಲ್ಲಿ ಕಾಗದದ ಹಕ್ಕಿಗಿಂತ ಮ್ಯಾನೇಜರ ಮನಸ್ಸು ಹೆಚ್ಚು ಕೆಲಸಕ್ಕೆ ಬರುತ್ತದೆ. ಆದ್ದರಿಂದ ವೀಸಾ ಬಾಕಿ ಇರುವವರು ಅದನ್ನು ಮುಚ್ಚಿಡದೆ ಮೊದಲ ಮಾತುಕತೆಯಲ್ಲೇ ಹೇಳಿ, ಬಾರದಿದ್ದರೆ ಮುಂದುವರಿಯಲು ಅವಕಾಶವಿದೆಯೇ ಎಂದು ಕೇಳಿ, ಸಿಕ್ಕ ಉತ್ತರವನ್ನು ಮೇಲ್‌ನಲ್ಲಿ ಒಂದು ಸಾಲಾಗಿ ದಾಖಲಿಸಬೇಕು.

ಕೊನೆಗೊಂದು ಮಾತು ಮೇಲ್ ಪಡೆಯುವವರಿಗೆ. ಇಷ್ಟೆಲ್ಲ ಯೋಚಿಸಿ ಬರೆದವನಿಗೂ, ಕೆಲಸ ಒಪ್ಪಿಸಿಕೊಳ್ಳುವವರು ಯಾರು ಎಂಬುದು ಕೊನೆಯ ವಾರದವರೆಗೆ ತಿಳಿಯದೆ ಉಳಿಯುವುದು ನಮ್ಮ ಕಚೇರಿಗಳಲ್ಲಿ ಸಾಮಾನ್ಯ. ಹೊಸಬರ ನೇಮಕಾತಿ ಆಗಲಿ ಎಂದು ಕಾಯುತ್ತ ಏಳು ವಾರ ಕಳೆದು, ಎಂಟನೆಯ ವಾರ ಕೆ.ಟಿ. ಮೀಟಿಂಗ್ ಇಡುತ್ತಾರೆ. ನಿಮ್ಮ ನೇಮಕಾತಿ ಯಾವಾಗ ಬೇಕಾದರೂ ಆಗಲಿ. ಈಗ ತಂಡದಲ್ಲಿ ಇರುವ ಒಬ್ಬರ ಹೆಸರನ್ನು ಮೊದಲ ಹತ್ತು ದಿನದೊಳಗೆ ಹೇಳಿಬಿಡಿ, ಅವರ ಇತರ ಕೆಲಸವನ್ನು ಅರ್ಧ ಇಳಿಸಿ. ಅಷ್ಟು ಮಾಡದೆ, ಹೋದವನು ಸರಿಯಾಗಿ ಒಪ್ಪಿಸಿ ಹೋಗಲಿಲ್ಲ ಎಂದು ಅಕ್ಟೋಬರ್‌ನಲ್ಲಿ ದೂರಬೇಡಿ.